ವರ್ಷತೊಡಕಿಗೆ ಕದಿರಮ್ಮ ಆರಿಸಿದ ಆಟ

ಕದಿರಮ್ಮ ಗೌರಿಬಿದನೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಮದುವೆಯಾಗಿರಲಿಲ್ಲ. ಆಗಲಿಲ್ಲವೆಂಬ ದುಃಖ ಅವಳಿಗಿತ್ತೆಂದು ಹೇಳುವವರಿದ್ದರು. ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ನಲವತ್ತು ದಾಟಿದ ಗಟ್ಟಿ ಹೆಂಗಸು. ಮಾತು ಕಡಿಮೆ, ದನಿ ದೊಡ್ಡದು. ಎರಡು ಊರಿನ ಇಬ್ಬರನ್ನು ಒಂದು ತಂತಿಗೆ ಜೋಡಿಸಿ, ಮಾತು ಮುಗಿಯುವವರೆಗೂ ತಂತಿ ಕಡಿಯದಂತೆ ನೋಡಿಕೊಳ್ಳುವುದು ಅವಳ ಉದ್ಯೋಗ. ಅದೇ ಕೆಲಸವನ್ನು ತವರುಮನೆಯವರು ಸಂಬಳವಿಲ್ಲದೆ ಮಾಡಿಸಿಕೊಳ್ಳುತ್ತಿದ್ದರು.

ತವರುಮನೆ ಚಿಂತಾಮಣಿಯಲ್ಲಿತ್ತು. ಕಡಲೆಕಾಯಿ ವ್ಯಾಪಾರದ ಅಣ್ಣ ವೆಂಕಟರವಣಪ್ಪ, ಅವನ ಹೆಂಡತಿ ಅಶ್ವತ್ಥಮ್ಮ, ಅವರ ಮಕ್ಕಳು, ತಾಯಿ ಪೆದ್ದಮ್ಮ ಅಲ್ಲಿದ್ದರು. ತಮ್ಮ ಕೋನಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿನ ವ್ಯಾಪಾರ ಮಾಡಿಕೊಂಡಿದ್ದ. ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಎಲ್ಲರೂ ಚಿಂತಾಮಣಿಯ ಮನೆಯಲ್ಲಿ ಸೇರುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಆ ದಿನ ಮಾಂಸದೂಟ, ಊಟದ ಮೇಲೆ ಆಟ. ಅಂದು ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ನಕ್ಕರೆ ನಗು, ಜಗಳವಾಡಿದರೆ ಜಗಳ.

ಹಿಂದಿನ ವರ್ಷ ಜಗಳವಾಗಿತ್ತು. ಚೌಕಾಬಾರದಲ್ಲಿ ವೆಂಕಟರವಣಪ್ಪನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಇದ್ದಾಗ ಕೋನಪ್ಪ ಅದನ್ನು ಕಡಿದ. ಆಟದಲ್ಲಿ ಕಡಿಯುವುದು ತಪ್ಪಲ್ಲ. ಕಡಿದು ತೊಡೆ ತಟ್ಟಿಕೊಂಡದ್ದು ತಪ್ಪಾಯಿತು. ಅಣ್ಣ ಮಣೆ ಎತ್ತಿ ಎಸೆದ, ಕೋನಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ಬಡಿಸಲು ಇಟ್ಟಿದ್ದ ಪಾಯಸ ಹಾಗೇ ಉಳಿಯಿತು. ಆ ವರ್ಷವೆಲ್ಲಾ ಇಬ್ಬರೂ ಮಾತಾಡಲಿಲ್ಲ. ಗಾದೆ ನಿಜವಾಯಿತೆಂದು ಪೆದ್ದಮ್ಮ ಬಂದವರಿಗೆಲ್ಲಾ ಹೇಳಿದಳು.

ಈ ಸಲ ಯುಗಾದಿ ಹತ್ತಿರ ಬಂದಾಗ ವೆಂಕಟರವಣಪ್ಪ ತಂಗಿಗೆ ಫೋನಿನಲ್ಲಿ ತೀರ್ಮಾನ ಹೇಳಿದ.

"ಕರಿ ಅವ್ನನ್ನ. ಬರ್ಲಿ. ಈ ಸಲಾನೂ ಅರ್ಧಕ್ಕೆ ಎದ್ದೋದ್ರೆ ಮುಂದಿನ ವರ್ಷದಿಂದ ಅವರವರ ಮನೇಲಿ ಅವರವರು ಮಾಡ್ಕಳಿ. ನನ್ನ ಕೈಲಿ ಆಗಲ್ಲ."

ಅವರವರ ಮನೆ ಎಂದರೆ ಕದಿರಮ್ಮನ ಪಾಲಿಗೆ ಇಲಾಖೆ ಕೊಟ್ಟ ಒಂದೂವರೆ ಕೋಣೆ. ಅವಳು ತಡಮಾಡದೆ ಶಿಡ್ಲಘಟ್ಟಕ್ಕೆ ಲೈನು ಹಾಕಿದಳು. ಕೋನಪ್ಪ ಒಪ್ಪಿದ, ಆದರೆ ಷರತ್ತಿನ ಮೇಲೆ.

"ನೀನು ಕರೀತಿದ್ದೀಯ ಅಂತ ಬರ್ತೀನಿ ಕಣಕ್ಕ. ಉಂಡು ನಾಲ್ಕು ಗಂಟೆ ಬಸ್ಸಿಗೆ ಹೊರಟ್ಬಿಡ್ತೀನಿ. ಅವನ ಮುಂದೆ ಕೂತು ಆಟಗೀಟ ನನ್ನ ಕೈಲಿ ಸಾಧ್ಯವಿಲ್ಲ."

ಊಟ ಮುಗಿಯುವುದು ಎರಡಕ್ಕೆ. ಹಬ್ಬದ ಊಟವಾದ ಮೇಲಿನ ಹೊತ್ತಿನಷ್ಟು ಅಪಾಯದ ಹೊತ್ತು ನಮ್ಮ ಕುಟುಂಬಗಳಲ್ಲಿ ಇನ್ನೊಂದಿಲ್ಲ. ಹೊಟ್ಟೆ ತುಂಬಿರುತ್ತದೆ, ಕೆಲಸ ಇರುವುದಿಲ್ಲ, ಹಳೆಯದೆಲ್ಲಾ ನೆನಪಿಗೆ ಬರುತ್ತದೆ. ಆಟ ಇಲ್ಲದಿದ್ದರೆ ಮಾತು ಶುರುವಾಗುತ್ತದೆ. ಆಟವಾದರೆ ಚೌಕಾಬಾರವೂ ಇಸ್ಪೀಟೂ ಆಗಬಾರದು. ಎಪ್ಪತ್ತೆಂಟರ ಪೆದ್ದಮ್ಮನಿಂದ ಹಿಡಿದು ಕೋನಪ್ಪನ ಒಂಬತ್ತು ವರ್ಷದ ಮಗಳು ಶಶಿಕಲಾವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವಂಥ ಆಟ ಬೇಕು. ಕದಿರಮ್ಮ ದಸ್ತಗಿರ್ ಅಂಗಡಿಗೆ ಹೋದಳು.

ದಸ್ತಗಿರ್ ಗೌರಿಬಿದನೂರಿನಲ್ಲಿ ಮದುವೆ ಮುಂಜಿಗೆ ಟೀವಿ, ಸಿನಿಮಾ ಕ್ಯಾಸೆಟ್ಟು ಹಾಕುವ ವೀಸಿಪಿ ಬಾಡಿಗೆಗೆ ಕೊಡುತ್ತಿದ್ದವನು. ಎರಡು ವರ್ಷಗಳಿಂದ ಟೀವಿಗೆ ಸಿಕ್ಕಿಸುವ ವಿಡಿಯೋ ಗೇಮನ್ನೂ ಇಟ್ಟಿದ್ದ. ಒಂದು ಡಬ್ಬಿ, ತಂತಿಯ ತುದಿಗೆ ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಗನ್ನು, ಆಟಗಳಿರುವ ದಪ್ಪ ಕ್ಯಾಸೆಟ್ಟು. ಕದಿರಮ್ಮ ಕೆಲಸ ಮುಗಿಸಿಕೊಂಡು ಸಂಜೆ ಸಂಜೆ ಹೋಗಿ ಸ್ಟೂಲಿನ ಮೇಲೆ ಕೂತು, ಒಂದೊಂದೇ ಆಟವನ್ನು ಹಾಕಿಸಿದಳು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳೆಂದು ಅಚ್ಚಾಗಿತ್ತು. ಅವಳು ಪಟ್ಟಿಯನ್ನು ಕೆಳಕ್ಕೆ ಸರಿಸುತ್ತಾ ಹೋಗಿ ನೋಡಿದರೆ ಅವೇ ನಾಲ್ಕಾರು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು.

"ಇದು ಬಾಕ್ಸಿಂಗ್ ಮೇಡಂ," ಎಂದ ದಸ್ತಗಿರ್. "ಈಗ ಎಲ್ಲಾರೂ ಇದನ್ನೇ ಕೇಳ್ತಾರೆ."

"ಅದು ನಮ್ಮನೇಲಿ ಟೀವಿ ಇಲ್ದೆನೇ ನಡೀತದೆ. ಬೇರೆ ಹಾಕಿ."

ಗೋಡೆ ಹತ್ತಿ ಹಳ್ಳ ಹಾರುತ್ತಾ ಓಡುವ ಮನುಷ್ಯನ ಆಟ ಬಂತು. ನೋಡಲು ಚೆನ್ನಾಗಿತ್ತು.

"ಇದರಲ್ಲಿ ಇಬ್ರೂ ಒಟ್ಟಿಗೆ ಆಡೋದಾ?"

"ಇಲ್ಲ ಮೇಡಂ. ಒಬ್ರು ಸಾಯೋವರೆಗೂ ಇನ್ನೊಬ್ರು ಕಾಯ್ಬೇಕು."

"ಸಾಯೋದಕ್ಕೆ ಎಷ್ಟೊತ್ತಾಗ್ತದೆ?"

"ಹೊಸಬರಾದ್ರೆ ತಕ್ಷಣ. ಪಳಗಿದ ಹುಡುಗರಾದ್ರೆ ಅರ್ಧ ಗಂಟೆ ಸಾಯೋದೇ ಇಲ್ಲ."

"ಅರ್ಧ ಗಂಟೆ ಸುಮ್ನೆ ಕೂರ್ಸಿದ್ರೆ ನಮ್ಮಣ್ಣಯ್ಯ ಒಂದೋ ಗೊರಕೆ ಹೊಡೀತಾರೆ, ಇಲ್ಲಾ ಜಗಳ ತೆಗೀತಾರೆ. ತೆಗೀರಿ ಇದನ್ನ."

ಇಂಗ್ಲಿಷ್ ಓದಬೇಕಾದ ಆಟಗಳನ್ನು ತಾಯಿಗಾಗಿ ತಳ್ಳಿದಳು. ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವ ಆಟ ಅವಳಿಗೇ ಬಹಳ ಹಿಡಿಸಿತು, ಆದರೆ ಆಡುವವರಿಗೆ ಮಾತ್ರ ಮಜ, ನೋಡುವವರಿಗೆ ಏನೂ ಇಲ್ಲವೆಂದು ಅದನ್ನೂ ಬಿಟ್ಟಳು. ಒಬ್ಬರು ಆಡುವಾಗ ಉಳಿದ ಒಂಬತ್ತು ಮಂದಿಗೆ ಕೂಗಲು ಏನಾದರೂ ಇರಬೇಕು, ಸರದಿ ಬೇಗ ಬರಬೇಕು, ಕಲಿಯಲು ಒಂದು ನಿಮಿಷ ಸಾಕಾಗಬೇಕು.

ಕೊನೆಗೆ ಎರಡು ಉಳಿದವು. ಒಂದು, ಗನ್ನು ಹಿಡಿದು ತೆರೆಯ ಮೇಲೆ ಹಾರುವ ಹಕ್ಕಿ ಹೊಡೆಯುವುದು. ಕೈಯಿಂದ ಕೈಗೆ ಹೋಗುವ ಆಟ. ಇನ್ನೊಂದು ಟ್ಯಾಂಕಿನ ಆಟ. ತೆರೆಯ ಕೆಳಗೆ ನಡುವೆ ಇಟ್ಟಿಗೆ ಕಟ್ಟಿದ ಪುಟ್ಟ ಕೋಟೆ. ಅದರ ಎಡಕ್ಕೆ ಒಬ್ಬನ ಟ್ಯಾಂಕು, ಬಲಕ್ಕೆ ಇನ್ನೊಬ್ಬನದು. ಮೇಲಿನಿಂದ ಶತ್ರುವಿನ ಟ್ಯಾಂಕುಗಳು ಇಳಿದು ಬರುತ್ತವೆ. ಇಬ್ಬರೂ ಸೇರಿ ಕೋಟೆ ಕಾಯಬೇಕು. ಕೋಟೆ ಬಿದ್ದರೆ ಇಬ್ಬರೂ ಸೋತಂತೆ.

ಕದಿರಮ್ಮನಿಗೆ ಬೇಕಾಗಿದ್ದದ್ದು ಇದೇ. ಅಣ್ಣ ತಮ್ಮಂದಿರು ಎದುರುಬದುರು ಅಲ್ಲ, ಒಂದೇ ಪಕ್ಷ. ಖಾತ್ರಿ ಮಾಡಿಕೊಳ್ಳಲು ದಸ್ತಗಿರ್ ಜತೆ ಅದನ್ನು ಹತ್ತಾರು ಸಲ ಆಡಿದಳು. ಎಲ್ಲವೂ ಸುಸೂತ್ರವಾಗಿ ನಡೆಯಿತು. ಚಿಂತಾಮಣಿಯ ಕೆಇಬಿಗೆ ಫೋನು ಮಾಡಿ ಆ ಮಧ್ಯಾಹ್ನ ಕರೆಂಟು ತೆಗೆಯುವುದಿಲ್ಲವೆಂದು ಹೇಳಿಸಿಕೊಂಡಳು. ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಚಿಕ್ಕಬಳ್ಳಾಪುರದಲ್ಲೊಮ್ಮೆ ಬಸ್ಸು ಬದಲಾಯಿಸಿ, ತೊಡೆಯ ಮೇಲಿಟ್ಟುಕೊಂಡೇ ಊರು ತಲುಪಿದಳು.

ವರ್ಷತೊಡಕಿನ ಊಟ ಮುಗಿಯಿತು. ಅಣ್ಣ ತಮ್ಮ ಒಂದೇ ಪಂಕ್ತಿಯಲ್ಲಿ ಕೂತರೂ ಮಾತು ಅಶ್ವತ್ಥಮ್ಮನ ಮೂಲಕವೇ ನಡೆಯಿತು. "ಅವನಿಗೆ ಇನ್ನೊಂದು ಮುದ್ದೆ ಹಾಕು." "ಸಾಕು ಅಂತ ಹೇಳಿ ಅತ್ತಿಗೆ." ಕೋನಪ್ಪನ ಚೀಲ ಬಾಗಿಲ ಪಕ್ಕದಲ್ಲೇ ಇತ್ತು. ಒಳಗೆ ಒಯ್ಯಲು ಅವನು ಬಿಟ್ಟಿರಲಿಲ್ಲ.

ಕದಿರಮ್ಮ ಟೀವಿಗೆ ತಂತಿ ಸಿಕ್ಕಿಸಿ ಚಾನೆಲ್ ತಿರುಗಿಸುತ್ತಾ ಬಿಳಿ ಚುಕ್ಕೆ ಸುರಿಯುತ್ತಿದ್ದ ತೆರೆಯ ಮೇಲೆ ಚಿತ್ರ ಬರಿಸಿದಳು. ರಿಮೋಟಿನ ತಂತಿ ಮೋಟು. ಹಾಗಾಗಿ ಸೋಫಾವನ್ನು ಗೋಡೆಯಿಂದ ಎಳೆಸಿ ಟೀವಿಯ ಹತ್ತಿರ ತಂದಳು, ಮುಂದೆ ಜಮಖಾನ ಹಾಸಿದಳು. ಸೋಫಾ ಎಳೆದದ್ದೇ ತಡ ಕೋಣೆ ಚಿಕ್ಕದಾಯಿತು. ಯಾರು ಯಾರಿಂದಲೂ ದೂರ ಕೂರುವ ಹಾಗಿರಲಿಲ್ಲ.

ಮೊದಲು ಹಕ್ಕಿ ಆಟ. ಶಶಿಕಲಾ ಪಟಪಟನೆ ಹೊಡೆದಳು. ಅಶ್ವತ್ಥಮ್ಮ ಕಣ್ಣು ಮುಚ್ಚಿಕೊಂಡು ಗನ್ನಿನ ಕುದುರೆ ಎಳೆದಳು, ಎಲ್ಲರೂ ನಕ್ಕರು. ಪೆದ್ದಮ್ಮನ ಕೈ ನಡುಗುತ್ತಿತ್ತು. ದೂರದಿಂದ ಗುರಿ ತಪ್ಪುತ್ತದೆ, ಹತ್ತಿರವಾದಷ್ಟೂ ಹಕ್ಕಿ ದೊಡ್ಡದು. ಆದ್ದರಿಂದ ಕದಿರಮ್ಮ ಅವಳಿಗೆ ಟೀವಿಯೆದುರೇ ಮಣೆ ಹಾಕಿದಳು. ಪೆದ್ದಮ್ಮ ಗನ್ನಿನ ಮೂತಿಯನ್ನು ಹೆಚ್ಚುಕಡಿಮೆ ಗಾಜಿಗೆ ಮುಟ್ಟಿಸಿ ಹೊಡೆದಳು. ಹಕ್ಕಿ ಬಿತ್ತು.

"ಏಮ್ರಾ, ಚೂಸಾರಾ? ನೋಡಿದ್ರೇನ್ರೋ?" ಎಂದು ತಿರುಗಿ ಗನ್ನನ್ನು ಮಕ್ಕಳ ಕಡೆಗೇ ಹಿಡಿದಳು. "ನಿಮ್ಮ ತಾತ ಬದುಕಿರೋವಾಗ ಇದು ಕೈಲಿರ್ಬೇಕಾಗಿತ್ತು!"

ಕೋನಪ್ಪನೂ ನಕ್ಕ. ಮೂರು ಗಂಟೆ ದಾಟಿತ್ತು. ಕದಿರಮ್ಮನಿಗೆ ಧೈರ್ಯ ಬಂತು. ಟ್ಯಾಂಕಿನ ಆಟ ಹಾಕಿ, ಒಂದನೆಯ ರಿಮೋಟನ್ನು ಅಣ್ಣನಿಗೂ ಎರಡನೆಯದನ್ನು ತಮ್ಮನಿಗೂ ಕೊಟ್ಟಳು.

"ಇಬ್ರೂ ಒಂದೇ ಕಡೆ," ಎಂದಳು. "ಕೋಟೆ ಕಾಯೋದು. ಅಷ್ಟೇ."

ಮೊದಲು ಸರಿಯಾಗಿಯೇ ಇತ್ತು. ಆಮೇಲೆ ವೆಂಕಟರವಣಪ್ಪನ ಟ್ಯಾಂಕು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಮಿಣುಕುತ್ತಿತ್ತು, ಕದಲುತ್ತಿರಲಿಲ್ಲ. ಅವನು ಗುಂಡಿಯನ್ನು ಎಷ್ಟೇ ಒತ್ತಿದರೂ ಅಷ್ಟೇ.

"ಕೆಟ್ಟೋಯ್ತಲ್ಲೇ ಇದು!"

"ಕೆಟ್ಟಿಲ್ಲ ದೊಡ್ಡಪ್ಪ," ಎಂದಳು ಶಶಿಕಲಾ. "ನಮ್ಮಪ್ಪನ ಗುಂಡು ನಿಮಗೆ ಬಿತ್ತು. ಜತೇಲಿರೋರು ಹೊಡುದ್ರೆ ಸಾಯಲ್ಲ, ಸ್ವಲ್ಪ ಹೊತ್ತು ಅಲ್ಲಾಡಕ್ಕಾಗಲ್ಲ."

ಕದಿರಮ್ಮ ಬೆಚ್ಚಿದಳು. ಗೌರಿಬಿದನೂರಿನಲ್ಲಿ ಹತ್ತಾರು ಸಲ ಆಡಿದರೂ ಇದು ಒಮ್ಮೆಯೂ ಆಗಿರಲಿಲ್ಲ. ಯಾಕಾಗಿರಲಿಲ್ಲವೆಂಬುದು ಆ ಕ್ಷಣವೇ ಹೊಳೆಯಿತು. ದಸ್ತಗಿರ್ ಮರ್ಯಾದಸ್ಥ. ಹೆಂಗಸರ ಟ್ಯಾಂಕು ಎದುರಿಗೆ ಬಂದಾಗಲೆಲ್ಲಾ ಅವನು ಗುಂಡು ಹಾರಿಸದೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಅವಳು ಆಟವನ್ನು ಪರೀಕ್ಷಿಸಿರಲಿಲ್ಲ, ದಸ್ತಗಿರನ ಸಂಸ್ಕಾರವನ್ನು ಪರೀಕ್ಷಿಸಿದ್ದಳು. ತನ್ನ ಅಣ್ಣ ತಮ್ಮಂದಿರಲ್ಲಿ ಅದು ಇರಬೇಕಾದ ಪ್ರಮಾಣದಲ್ಲಿ ಇಲ್ಲ.

"ಬೇಕೂಂತ್ಲೇ ಹೊಡ್ದ," ಎಂದ ವೆಂಕಟರವಣಪ್ಪ.

"ಅಡ್ಡ ಬಂದಿದ್ಯಾರು ಅಂತ ಕೇಳಕ್ಕ. ನಾನು ಮೇಲಿರೋನಿಗೆ ಹೊಡೀತಿದ್ದೆ."

"ಹೋದ್ವರ್ಷ ಕಾಯಿ ಕಡ್ದ. ಈ ವರ್ಷ ಟ್ಯಾಂಕು."

ಹೇಳುತ್ತಲೇ ಅಣ್ಣನ ಟ್ಯಾಂಕು ಚೇತರಿಸಿಕೊಂಡಿತು. ಅದು ನೇರವಾಗಿ ತಮ್ಮನ ಕಡೆ ತಿರುಗಿ ಗುಂಡು ಹಾರಿಸಿತು. ಈಗ ಕೋನಪ್ಪನದು ಮಿಣುಕಿತು. ಶತ್ರುಗಳನ್ನು ನೋಡುವವರೇ ಇಲ್ಲವಾಗಿ ಒಂದು ಟ್ಯಾಂಕು ಆರಾಮಾಗಿ ಇಳಿದು ಬಂದು ಕೋಟೆ ಒಡೆಯಿತು.

ಕೋನಪ್ಪ ರಿಮೋಟನ್ನು ಜಮಖಾನದ ಮೇಲಿಟ್ಟ. ನಿಧಾನವಾಗಿಯೇ ಇಟ್ಟ. ಅದೇ ಭಯಂಕರವಾಗಿತ್ತು.

"ಶಶಿ, ಚಪ್ಲಿ ಹಾಕ್ಕ. ಬಸ್ಸಿಗೆ ಟೈಮಾಯ್ತು."

ಅಶ್ವತ್ಥಮ್ಮ ನಾದಿನಿಯ ಕಿವಿಯಲ್ಲಿ, "ಬೇಗ ಆ ಹಕ್ಕಿದು ಹಾಕಮ್ಮ," ಎಂದಳು. ಸುಲಭದ ದಾರಿ ಅದೇ. ಕದಿರಮ್ಮನ ಕೈ ಡಬ್ಬಿಯ ಗುಂಡಿಯವರೆಗೂ ಹೋಯಿತು. ಅಲ್ಲೇ ನಿಂತಿತು. ಹಕ್ಕಿ ಆಟದಲ್ಲಿ ಒಬ್ಬೊಬ್ಬರೇ ಆಡುತ್ತಾರೆ. ಬಿಟ್ಟು ಹೋಗುವವನನ್ನು ಹಿಡಿದಿಡುವ ಗುಣ ಅದಕ್ಕಿಲ್ಲ. ಕೋಟೆಯ ಆಟಕ್ಕೆ ಆ ಗುಣವಿದೆ, ಜೋಡಿ ಮಾತ್ರ ತಪ್ಪು. ಆಟ ಬದಲಾಯಿಸುವುದಲ್ಲ, ಆಡುವವರನ್ನು ಬದಲಾಯಿಸಬೇಕು.

ಅವಳು ಅಣ್ಣನ ಕೈಯಿಂದ ಒಂದನೆಯ ರಿಮೋಟನ್ನು ಕಿತ್ತುಕೊಂಡು ಪೆದ್ದಮ್ಮನ ಕೈಗೆ ಕೊಟ್ಟಳು.

"ಅಮ್ಮನಿಗಾ?" ಎಂದ ವೆಂಕಟರವಣಪ್ಪ. "ಅಮ್ಮನಿಗೆ ಏನು ತಿಳೀತದೆ? ಸರಿ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಇರ್ಲಿ ಬಿಡು."

"ಯಾಕೋ ಲೆಕ್ಕಕ್ಕಿಲ್ಲ?" ಎಂದಳು ಪೆದ್ದಮ್ಮ. "ನಿನ್ನ ಲೆಕ್ಕಕ್ಕೆ ತಂದೋಳೇ ನಾನು. ಏ ಕೋನಪ್ಪ, ಎಲ್ಲಿಗೋ? ಬಾ ಇಲ್ಲಿ. ನನ್ನ ಜತೆ ಯಾರು ಆಡ್ತಾರೆ?"

"ಬಸ್ಸು ಅಮ್ಮ..."

"ಬಸ್ಸು ನಿಮ್ಮಪ್ಪಂದಾ? ಒಂದಾಟ ಆಡಿ ಹೋಗು."

ತಾಯಿಯ ಮಾತಿಗೆ ಇಲ್ಲವೆನ್ನಲು ಕೋನಪ್ಪನಿಗೆ ಆಗಲಿಲ್ಲ. ಕೂತ. ಒಂದೇ ಆಟವೆಂದು ಹೆಂಡತಿಗೆ ಕಣ್ಣಿನಲ್ಲೇ ಹೇಳಿದ.

ಪೆದ್ದಮ್ಮನಿಗೆ ಓಡಾಡಿಸುವ ಗುಂಡಿಯ ಗೊಡವೆ ಬೇಡವಾಗಿತ್ತು. ಗುಂಡು ಹಾರಿಸುವುದೊಂದನ್ನೇ ಹಿಡಿದಳು. ಅವಳ ಟ್ಯಾಂಕು ಕೋಟೆಯ ಎಡಕ್ಕೆ, ಮುಖ ಮೇಲಕ್ಕೆ ಮಾಡಿಕೊಂಡು, ನಿಂತಲ್ಲೇ ಒಂದೇ ಸಮನೆ ಹೊಡೆಯುತ್ತಿತ್ತು. ಬೆರಳಿನ ನಡುಕ ಅದಕ್ಕೆ ಅನುಕೂಲವೇ ಆಯಿತು. ಆ ಸಾಲಿನಲ್ಲಿ ಇಳಿದು ಬಂದ ಶತ್ರುಗಳೆಲ್ಲಾ ಸತ್ತರು. ಆ ಸಾಲನ್ನು ದಾಟಲು ಹೋದ ಕೋನಪ್ಪನಿಗೂ ಬಿತ್ತು.

"ಅಮ್ಮ! ನನ್ಗೆ ಹೊಡುದ್ಯಲ್ಲ!"

"ಮತ್ತೆ ನನ್ನ ಮುಂದ್ಯಾಕೆ ಬರ್ತೀಯೋ? ಚಿಕ್ಕೋನಿದ್ದಾಗ್ಲೂ ಸೌದೆ ಒಡೀವಾಗ ಬಂದು ಮುಂದೇನೇ ನಿಂತ್ಕಂತಿದ್ದೆ."

ಕೋಣೆ ನಗೆಯಿಂದ ಅದುರಿತು. ಮಿಣುಕುತ್ತಾ ನಿಂತ ಟ್ಯಾಂಕನ್ನು ನೋಡಿ ಕೋನಪ್ಪನಿಗೇ ನಗು ತಡೆಯಲಾಗಲಿಲ್ಲ. ಅಣ್ಣ ಹೊಡೆದರೆ ಅವಮಾನ, ಅಮ್ಮ ಹೊಡೆದರೆ ಏನೆನ್ನುವುದು? ಎರಡನೆಯ ಸಲ ಬಿತ್ತು. ಮೂರನೆಯ ಸಲ ಅವನು ಬಲಗಡೆಯನ್ನೇ ನೋಡಿಕೊಂಡು, ತಾಯಿಯ ಸಾಲಿಗೆ ಅಡ್ಡ ಹೋಗದೆ, ಎಚ್ಚರದಿಂದ ಆಡತೊಡಗಿದ.

ಆಗ ಪೆದ್ದಮ್ಮನ ಹೆಬ್ಬೆರಳು ಜಾರಿ ಟ್ಯಾಂಕು ಬಲಕ್ಕೆ, ಕೋಟೆಯ ಕಡೆಗೇ, ತಿರುಗಿತು. ಒಂದು ಗುಂಡು ಬಿದ್ದು ಇಟ್ಟಿಗೆ ಉದುರಿತು. ಇನ್ನೊಂದು ಗುಂಡು ಬಿದ್ದರೆ ತಮ್ಮ ಕೋಟೆ ತಮ್ಮಿಂದಲೇ ಮುಗಿಯುತ್ತಿತ್ತು. ಅದುವರೆಗೂ ಮುಖ ತಿರುಗಿಸಿ ಕೂತಿದ್ದ ವೆಂಕಟರವಣಪ್ಪ ಸೋಫಾದಿಂದ ನೆಲಕ್ಕೇ ಧುಮುಕಿದ.

"ಅಮ್ಮ, ಬಿಡು, ಗುಂಡಿ ಬಿಡು! ಮೇಲಕ್ಕೆ ತಿರುಗ್ಸು! ಲೇ ಕೋನಪ್ಪ, ಎಡಗಡೆಯಿಂದ ಒಬ್ಬ ಬರ್ತವ್ನೆ ನೋಡೋ!"

"ನೋಡ್ದೆ ಕಣಣ್ಣ, ಅವ್ನನ್ನ ನನಗೆ ಬಿಡು. ನೀನು ಅಮ್ಮನ ಕೈ ನೋಡ್ಕ!"

ಹನ್ನೆರಡು ತಿಂಗಳಲ್ಲಿ ಇಬ್ಬರ ನಡುವೆ ನೇರವಾಗಿ ನಡೆದ ಮೊದಲ ಮಾತು ಅದು. ಅವರಿಬ್ಬರೂ ಅದನ್ನು ಗಮನಿಸಲಿಲ್ಲ. ಕದಿರಮ್ಮ ಗಮನಿಸಿದಳು, ಗಡಿಯಾರವನ್ನೂ ನೋಡಿದಳು. ನಾಲ್ಕಕ್ಕೆ ಇನ್ನೂ ಸ್ವಲ್ಪ ಇತ್ತು.

ಕೊನೆಯ ಶತ್ರು ಸತ್ತಿತು. ತೆರೆಯ ಮೇಲೆ ಯಾರು ಎಷ್ಟು ಹೊಡೆದರೆಂದು ಇಬ್ಬರ ಹೆಸರಿನಲ್ಲೂ ಬೇರೆ ಬೇರೆಯಾಗಿ ಬಂತು. ಶಶಿಕಲಾ ಓದಿ ಕಿರುಚಿದಳು.

"ಅಜ್ಜಿ ಹನ್ನೊಂದು! ಅಪ್ಪ ಒಂಬತ್ತು!"

"ಕೇಳ್ತೇನೋ ವೆಂಕಟರವಣಪ್ಪ?" ಎಂದಳು ಪೆದ್ದಮ್ಮ.

ವೆಂಕಟರವಣಪ್ಪ ಕೇಳಿಸಿಕೊಂಡ. ಅಡ್ಡಪಂಚೆ ಬಿಚ್ಚಿಹೋಗುವಂತೆ ನಗುತ್ತಿದ್ದ. ಕೋನಪ್ಪ ಏಳಲು ಹೊರಟ. ಆದರೆ ಅಷ್ಟರಲ್ಲಿ ಮುಂದಿನ ಸುತ್ತು ತಾನಾಗಿಯೇ ಶುರುವಾಗಿತ್ತು.

"ನಿಲ್ಸಕ್ಕ ಅದನ್ನ," ಎಂದ ಅವನು ತನ್ನ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡುತ್ತಾ. "ನಿಲ್ಸೋ ಗುಂಡಿ ಎಲ್ಲಿದೆ ಇದರಲ್ಲಿ?"

"ಎರಡನೇದರಲ್ಲಿ ಇರಲ್ಲ," ಎಂದಳು ಕದಿರಮ್ಮ. "ಒಂದನೇದರಲ್ಲಿ ಮಾತ್ರ. ಅಮ್ಮನ್ನ ಕೇಳು."

"ನಾನು ನಿಲ್ಸಲ್ಲ," ಎಂದಳು ಪೆದ್ದಮ್ಮ, ತೆರೆಯಿಂದ ಕಣ್ಣು ತೆಗೆಯದೆ. "ನೀನು ಎದ್ದೋದ್ರೆ ಬಲಗಡೆ ಯಾರು ಕಾಯ್ತಾರೆ? ಕೂತ್ಕಳೋ."

ಕೋನಪ್ಪ ಬಾಗಿಲ ಕಡೆ ನೋಡಿದ. ಎದ್ದು ಹೋದರೆ ಕೋಟೆ ಬೀಳುತ್ತದೆ, ಅಮ್ಮ ಸೋಲುತ್ತಾಳೆ, ಅದೂ ಎಲ್ಲರ ಎದುರಿಗೆ. ಅಣ್ಣ ತನ್ನ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದ. ಕೋನಪ್ಪ ಕೂತ.

ಎರಡನೆಯ ಸುತ್ತನ್ನೂ ಗೆದ್ದರು. ಮೂರನೆಯದರಲ್ಲಿ ಸೋತು, ಮತ್ತೆ ಮೊದಲಿನಿಂದ ಶುರು ಮಾಡಿದರು. ಆಮೇಲೆ ಕದಿರಮ್ಮ ಸುಮ್ಮನೆ ಕೂರಲಿಲ್ಲ. ಗೆಲ್ಲುವ ಕುದುರೆಯನ್ನು ಅತಿಯಾಗಿ ಓಡಿಸಬಾರದೆಂದು ತಿಳಿದವಳು. ಜೋಡಿಗಳನ್ನು ತಾನೇ ಹೇಳುತ್ತಾ ಹೋದಳು: ಅಜ್ಜಿ ಮೊಮ್ಮಗಳು, ಅತ್ತಿಗೆ ಮೈದುನ, ದೊಡ್ಡಪ್ಪ ಶಶಿಕಲಾ. ಪ್ರತಿ ಜೋಡಿಯಲ್ಲೂ ಒಬ್ಬರು ಇನ್ನೊಬ್ಬರನ್ನು ಬೈಯಲಾಗದವರು ಇರುವಂತೆ ನೋಡಿಕೊಂಡಳು. ಗುಂಡು ತಗುಲಿ ನಿಂತವರು ಎದ್ದು ಎಲ್ಲರಿಗೂ ಕಡಲೆಕಾಯಿ ಹಂಚಬೇಕೆಂದು ಮಕ್ಕಳು ಕಾನೂನು ಮಾಡಿದರು. ಅಶ್ವತ್ಥಮ್ಮ ಮೈದುನನಿಗೆ ಆರು ಸಲ ಹೊಡೆದು ಆರು ಸಲ ಕಡಲೆಕಾಯಿ ಹಂಚಿಸಿದಳು. ಆಕಸ್ಮಿಕವೆಂದು ಹೇಳಿದಳು. ನಂಬಿದವರು ಯಾರೂ ಇಲ್ಲ.

ಕಡೆಯಲ್ಲಿ ಅಣ್ಣ ತಮ್ಮಂದಿರು ಕೇಳದೆಯೇ ಒಂದೊಂದು ರಿಮೋಟು ಎತ್ತಿಕೊಂಡರು. ಕದಿರಮ್ಮ ತಡೆಯಲಿಲ್ಲ.

"ಎಡಗಡೆ ನಂದು," ಎಂದ ವೆಂಕಟರವಣಪ್ಪ.

"ಬಲಗಡೆ ನಂದು. ನೀನು ಈ ಕಡೆ ಬಂದ್ರೆ ಹೊಡೀತೀನಿ ಅಣ್ಣ, ಮೊದ್ಲೇ ಹೇಳ್ತಿದ್ದೀನಿ."

"ಹೊಡಿ ನೋಡಣ. ಕಡಲೆಕಾಯಿ ನಮ್ಮನೇದೇ."

ಇಬ್ಬರೂ ಒಬ್ಬರಿಗೊಬ್ಬರು ಹೊಡೆದುಕೊಂಡರು, ಎದ್ದು ಎದ್ದು ಹಂಚಿದರು, ಆ ದಿನ ಯಾರೂ ಮುಟ್ಟಿರದ ಸುತ್ತುಗಳವರೆಗೆ ಹೋದರು. ಕೋಟೆ ಬಿದ್ದಾಗ ಇಬ್ಬರೂ ಒಟ್ಟಿಗೆ ಅಯ್ಯೋ ಎಂದರು.

ನಾಲ್ಕು ಗಂಟೆಯ ಬಸ್ಸು ಯಾವಾಗ ಹೋಯಿತೋ ಯಾರೂ ನೋಡಲಿಲ್ಲ. ಹೊರಗೆ ಬಿಸಿಲು ಇಳಿದಿತ್ತು. ಅಶ್ವತ್ಥಮ್ಮ ದೀಪ ಹಚ್ಚಲು ಎದ್ದವಳು ರಾತ್ರಿಗೆ ಎಷ್ಟು ಜನಕ್ಕೆ ಅಕ್ಕಿ ಹಾಕಲಿ ಎಂದು ಕೇಳಿದಳು. ಕೇಳಿದ್ದು ಕದಿರಮ್ಮನನ್ನು. ಉತ್ತರ ಬಂದದ್ದು ಕೋನಪ್ಪನಿಂದ.

"ಎಲ್ಲಾರ್ಗೂ ಹಾಕಿ ಅತ್ತಿಗೆ. ನಾವೂ ಇರ್ತೀವಿ." ಅವನು ಹೆಂಡತಿಯ ಕಡೆ ತಿರುಗಿ, "ಆ ಚೀಲ ಒಳಗಿಡು," ಎಂದ. ಆಮೇಲೆ ಅಣ್ಣನನ್ನು ನೋಡದೆ, ತೆರೆಯನ್ನೇ ನೋಡುತ್ತಾ ಹೇಳಿದ: "ಮುಂದಿನ್ವರ್ಷ ಇದನ್ನ ಶಿಡ್ಲಘಟ್ಟಕ್ಕೆ ತಗೊಂಡ್ಬಾ ಅಕ್ಕ. ಎಲ್ಲಾರೂ ನಮ್ಮನೆಗೇ ಬರ್ಬೇಕು. ಅಣ್ಣನೂ."

"ಬರಲ್ಲ ಅಂತ ಯಾರು ಹೇಳಿದ್ರು?" ಎಂದ ವೆಂಕಟರವಣಪ್ಪ.

ಕದಿರಮ್ಮ ಎರಡು ರಿಮೋಟುಗಳ ತಂತಿಯನ್ನು ಬಿಡಿಸಿ ನೆಟ್ಟಗೆ ಮಾಡಿ, ಒಂದನ್ನು ತಾನು ಇಟ್ಟುಕೊಂಡು ಇನ್ನೊಂದನ್ನು ಅಣ್ಣನ ಕಡೆ ಚಾಚಿದಳು. ಬೆಳಗಿನಿಂದ ಅವಳು ಒಂದು ಆಟವನ್ನೂ ಆಡಿರಲಿಲ್ಲ.

"ಈಗ ನಾನು," ಎಂದಳು. "ಎಡಗಡೆ ನಂದು."

ಆ ಸುತ್ತಿನಲ್ಲಿ ವೆಂಕಟರವಣಪ್ಪ ನಾಲ್ಕು ಸಲ ಎದ್ದು ಕಡಲೆಕಾಯಿ ಹಂಚಿದ.